ಆಟಕ್ಕೆ ದೊಡ್ಡ ಕ್ಯಾಶೋ, ಹೆಚ್ಚು ಕೋರೋ? ದುಡ್ಡು ಹಾಕುವ ಮೊದಲು ಮನೆಯಲ್ಲೇ ಮಾಡಬಹುದಾದ ಮೂರು ಪರೀಕ್ಷೆ

ಕುಂಬಳೆ, ಉಪ್ಪಳ, ಬದಿಯಡ್ಕ ಕಡೆಯ ಓದುಗರಿಂದ ತಿಂಗಳು ತಿಂಗಳೂ ಬರುವ ಪ್ರಶ್ನೆ ಒಂದೇ: "ಗೇಮಿಂಗ್ ಪಿಸಿಗೆ ದೊಡ್ಡ ಕ್ಯಾಶ್ ಇರುವ ಎಂಟು ಕೋರ್‌ನ ಎಎಂಡಿ X3D ಪ್ರೊಸೆಸರ್ ಹಾಕಲೋ, ಅದೇ ದುಡ್ಡಿಗೆ ಹನ್ನೆರಡು ಕೋರ್‌ನದ್ದು ಹಾಕಲೋ?" ಅಂಗಡಿಯಲ್ಲಿ ಕೇಳಿದರೆ ಆ ದಿನ ಸ್ಟಾಕ್ ಇರುವುದನ್ನೇ ಒಳ್ಳೆಯದೆನ್ನುತ್ತಾರೆ. ಯೂಟ್ಯೂಬ್ ನೋಡಿದರೆ ಅಲ್ಲಿನ ಪರೀಕ್ಷೆಗಳೆಲ್ಲ ಅತಿ ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿ ಮಾಡಿದವು. ನಿಮ್ಮ ಕಾರ್ಡಿಗೆ, ನೀವು ಆಡುವ ಆಟಕ್ಕೆ ಸರಿಯಾದ ಉತ್ತರ ನಿಮ್ಮ ಈಗಿನ ಪಿಸಿಯಲ್ಲೇ ಇದೆ. ಒಂದು ಭಾನುವಾರ ಬಿಡುವು ಮಾಡಿಕೊಂಡರೆ ಅದನ್ನು ತೆಗೆಯಬಹುದು.

ಬೇಕಾದ ಸಾಮಾನು ಕಡಿಮೆ. ಈಗಿರುವ ಪಿಸಿ, ನೀವು ನಿಜವಾಗಿ ಆಡುವ ಎರಡು ಮೂರು ಆಟ, ಫ್ರೇಮ್ ಅಳೆಯಲು CapFrameX ಅಥವಾ PresentMon (ಎರಡೂ ಉಚಿತ), ಬರೆದಿಡಲು ಒಂದು ಪುಸ್ತಕ. ಪ್ರತಿ ಆಟದಲ್ಲೂ ಅತಿ ಭಾರದ ಒಂದು ಜಾಗದಲ್ಲಿ ಸೇವ್ ಮಾಡಿಟ್ಟುಕೊಳ್ಳಿ. ಖಾಲಿ ಬಯಲಿನಲ್ಲಿ ಅಳೆದು ಜನನಿಬಿಡ ಪೇಟೆಯ ಬಗ್ಗೆ ತೀರ್ಮಾನಿಸಿದರೆ ಇಡೀ ಲೆಕ್ಕವೇ ತಪ್ಪುತ್ತದೆ.

ಮೊದಲು: ಕ್ಯಾಶ್ ಮಾಡುವ ಕೆಲಸ ಯಾವುದು

ಕ್ಯಾಶ್ ಎಂದರೆ ಪ್ರೊಸೆಸರ್‌ನ ಒಳಗೇ ಇರುವ ಚಿಕ್ಕ, ಬಹಳ ವೇಗದ ಸ್ಮೃತಿ. ಅದರಲ್ಲಿ ಮೂರು ಮಟ್ಟ: ಎಲ್1, ಎಲ್2, ಎಲ್3. X3D ಪ್ರೊಸೆಸರ್‌ಗಳಲ್ಲಿ ದೊಡ್ಡದಾಗಿರುವುದು ಎಲ್3 ಮಾತ್ರ. ಮಾಮೂಲಿ ರೈಜನ್ 7 9700X ನಲ್ಲಿ 32 ಎಂಬಿ ಎಲ್3 ಇದ್ದರೆ, ಅದೇ ಎಂಟು ಕೋರ್‌ನ 9800X3D ಯಲ್ಲಿ 96 ಎಂಬಿ ಇದೆ. ಹೆಚ್ಚಿನ 64 ಎಂಬಿಯನ್ನು ಬೇರೆಯೇ ಒಂದು ಸಿಲಿಕಾನ್ ಪದರವಾಗಿ ಅಂಟಿಸಿರುತ್ತಾರೆ.

ಅಡುಗೆ ಮಾಡುವವರಿಗೆ ಒಗ್ಗರಣೆ ಡಬ್ಬಿ ಒಲೆಯ ಪಕ್ಕದಲ್ಲಿದ್ದರೆ ಕೆಲಸ ಓಡುತ್ತದೆ. ಪ್ರತಿ ಸಲ ಸಾಸಿವೆಗೆಂದು ಅಟ್ಟ ಹತ್ತಬೇಕಾದರೆ ಅಡುಗೆಯವರನ್ನು ಇನ್ನೂ ನಾಲ್ಕು ಜನ ಕರೆದರೂ ಒಗ್ಗರಣೆ ಬೇಗ ಆಗುವುದಿಲ್ಲ. ಇಲ್ಲಿ ಒಲೆಯ ಪಕ್ಕದ ಡಬ್ಬಿ ಕ್ಯಾಶ್, ಅಟ್ಟ ನಿಮ್ಮ ಡಿಡಿಆರ್ ರ್‍ಯಾಮ್. ಎಲ್3ಯಿಂದ ಒಂದು ಮಾಹಿತಿ ತರಲು ಸುಮಾರು 10 ನ್ಯಾನೊಸೆಕೆಂಡ್ ಸಾಕು. ರ್‍ಯಾಮ್‌ವರೆಗೆ ಹೋಗಿ ಬರಲು 70ರಿಂದ 90 ಬೇಕು.

ಇದನ್ನು ಒಂದು ಲೆಕ್ಕವಾಗಿ ನೋಡಿ. ಅಂಕಿಗಳು ಉದಾಹರಣೆಗೆ ಹಾಕಿಕೊಂಡವು, ಲೆಕ್ಕದ ದಾರಿ ಮಾತ್ರ ನಿಜದ್ದು. ಎಲ್3ಗೆ ಬರುವ ನೂರು ಬೇಡಿಕೆಗಳಲ್ಲಿ 32 ಎಂಬಿ ಇದ್ದಾಗ 40 ಸಿಗದೆ ರ್‍ಯಾಮ್‌ಗೆ ಹೋಗುತ್ತವೆ ಎಂದುಕೊಳ್ಳಿ. 96 ಎಂಬಿ ಇದ್ದರೆ 15 ಮಾತ್ರ ಹೋಗುತ್ತವೆ ಎನ್ನಿ. ದೊಡ್ಡ ಕ್ಯಾಶ್‌ನಲ್ಲಿ ಹುಡುಕಲು ಚೂರು ಹೆಚ್ಚು ಹೊತ್ತು ಬೇಕಾದ್ದರಿಂದ ಅಲ್ಲಿ 10ರ ಬದಲು 11 ಹಾಕಿದ್ದೇನೆ.

```
32 MB:  10 + 0.40 × 80 = 42 ns
96 MB:  11 + 0.15 × 80 = 23 ns
```

ಸರಾಸರಿ ಕಾಯುವಿಕೆ ಹತ್ತಿರಹತ್ತಿರ ಅರ್ಧಕ್ಕಿಳಿಯಿತು. ಆದರೆ ಇದೇ ಲೆಕ್ಕದಲ್ಲಿ ಇನ್ನೊಂದು ಸಂಗತಿ ಅಡಗಿದೆ. ಒಂದು ಕೆಲಸಕ್ಕೆ ಬೇಕಾದ ಮಾಹಿತಿಯೆಲ್ಲ ಮೊದಲೇ 32 ಎಂಬಿಯೊಳಗೆ ಹಿಡಿಯುತ್ತಿದ್ದರೆ 40 ಎಂಬ ಅಂಕಿ 5 ಆಗಿರುತ್ತದೆ, ದೊಡ್ಡ ಕ್ಯಾಶ್‌ನಿಂದ ಲಾಭವಿಲ್ಲ. ಬೇಕಾದ ಮಾಹಿತಿ ಹಲವು ಗಿಗಾಬೈಟ್ ಇದ್ದು, ಒಮ್ಮೆ ಓದಿದ್ದನ್ನು ಮತ್ತೆ ಕೂಡಲೇ ಮುಟ್ಟದ ಕೆಲಸವಾದರೆ 96 ಎಂಬಿಯೂ ಸಾಲದು, ಆಗಲೂ ಲಾಭವಿಲ್ಲ. ಲಾಭ ಇರುವುದು ನಡುವಿನ ಪಟ್ಟಿಯಲ್ಲಿ ಮಾತ್ರ: ಮತ್ತೆ ಮತ್ತೆ ಮುಟ್ಟುವ ಮಾಹಿತಿ 32 ಎಂಬಿಗಿಂತ ದೊಡ್ಡದು, ಆದರೆ ಅದರ ಹೆಚ್ಚಿನ ಪಾಲು 96 ಎಂಬಿಯೊಳಗೆ ನಿಲ್ಲುವಂಥದ್ದು. ಆಟಗಳು ಬಹಳಷ್ಟು ಸಲ ಇದೇ ಪಟ್ಟಿಯಲ್ಲಿ ಬೀಳುತ್ತವೆ. ಪ್ರತಿ ಫ್ರೇಮಿನಲ್ಲೂ ಅದೇ ಪಾತ್ರಗಳು, ಅದೇ ಗೋಡೆಗಳು, ಅದೇ ವಸ್ತುಗಳ ಪಟ್ಟಿಯನ್ನು ಅವು ಮೊದಲಿನಿಂದ ನೋಡುತ್ತವೆ, ಅದೂ ಒಂದು ವಿಳಾಸದಿಂದ ಇನ್ನೊಂದಕ್ಕೆ ಜಿಗಿಯುತ್ತ. ಮುಂದೆ ಯಾವುದು ಬೇಕಾಗುತ್ತದೆಂದು ಪ್ರೊಸೆಸರ್‌ಗೆ ಊಹಿಸಲು ಆಗುವುದಿಲ್ಲ, ಹಾಗಾಗಿ ಕಾಯುತ್ತದೆ.

ಹಾಗಾದರೆ ಕೋರ್‌ಗಳು? ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡರಲ್ಲೂ ಇರುವುದು ಎಂಟು ಕೋರ್. ದೊಡ್ಡ ಆಟಗಳನ್ನು ಅದಕ್ಕೆ ಹೊಂದಿಸಿಯೇ ಕಟ್ಟುತ್ತಾರೆ. ಅದರ ಮೇಲೆ, ಹೆಚ್ಚಿನ ಆಟಗಳಲ್ಲಿ ಒಂದು ಮುಖ್ಯ ಥ್ರೆಡ್, ಅಂದರೆ ಸಾಲಾಗಿ ಒಂದರ ಹಿಂದೆ ಒಂದು ಮಾಡಬೇಕಾದ ಕೆಲಸದ ಎಳೆ, ಉಳಿದವೆಲ್ಲ ಅದಕ್ಕಾಗಿ ಕಾಯುವಂತೆ ಮಾಡುತ್ತದೆ. ಎಎಂಡಿ 2022ರ ಏಪ್ರಿಲ್‌ನಲ್ಲಿ 5800X3D ತಂದಾಗ ತಾನೇ ಕೊಟ್ಟ ಹೋಲಿಕೆ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಎಂಟು ಕೋರ್‌ನ ಆ ಪ್ರೊಸೆಸರ್ 1080ಪಿ ಆಟಗಳಲ್ಲಿ ತನ್ನದೇ ಹನ್ನೆರಡು ಕೋರ್‌ನ 5900X ಗಿಂತ ಸರಾಸರಿ ಶೇ. 15 ವೇಗ ಎಂದು ಕಂಪನಿ ಹೇಳಿತ್ತು. ಅದರ ಗಡಿಯಾರ ವೇಗವನ್ನು ಮಾಮೂಲಿ 5800X ನ 4.7 ಗಿಗಾಹರ್ಟ್ಸ್‌ನಿಂದ 4.5ಕ್ಕೆ ಇಳಿಸಿದ್ದರು, ಆದರೂ.

ಹಂತ 1: ಅಡ್ಡಿ ಪ್ರೊಸೆಸರ್‌ದೋ, ಗ್ರಾಫಿಕ್ಸ್ ಕಾರ್ಡ್‌ದೋ?

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಸೇವ್ ಮಾಡಿಟ್ಟ ಜಾಗದಲ್ಲಿ, ನೀವು ದಿನಾ ಆಡುವ ಸೆಟ್ಟಿಂಗ್‌ನಲ್ಲೇ, ಒಂದೇ ದಾರಿಯಲ್ಲಿ ಒಂದು ನಿಮಿಷ ನಡೆದು ಅಳೆಯಿರಿ. ಎರಡು ಅಂಕಿ ಬರೆದುಕೊಳ್ಳಿ: ಸರಾಸರಿ ಎಫ್‌ಪಿಎಸ್, ಮತ್ತು CapFrameX ನಲ್ಲಿ 1% ಎಂದು ಕಾಣುವ ಅಂಕಿ. ಆ ಎರಡನೆಯದು ಅತಿ ನಿಧಾನವಾಗಿ ಬಂದ ಶೇ. 1 ಫ್ರೇಮ್‌ಗಳ ವೇಗ. ಆಟ ತಡವರಿಸುವುದು ಕಾಣುವುದು ಅದರಲ್ಲೇ. ಮೂರು ಸಲ ಅಳೆದು ನಡುವಿನ ಅಂಕಿ ಇಟ್ಟುಕೊಳ್ಳಿ. ಮೊದಲ ಸಲದ ಅಳತೆಯಲ್ಲಿ ಶೇಡರ್ ತಯಾರಾಗುತ್ತಿರುತ್ತದೆ, ಅದನ್ನು ಈ ಮೂರರ ಲೆಕ್ಕಕ್ಕೆ ಹಿಡಿಯಬೇಡಿ.

ಈಗ ರೆಸಲ್ಯೂಷನ್ ಮಾತ್ರ 1280×720ಕ್ಕೆ ಇಳಿಸಿ ಮತ್ತೆ ಅಳೆಯಿರಿ. ಉಳಿದ ಸೆಟ್ಟಿಂಗ್ ಮುಟ್ಟಬೇಡಿ. ಜನಸಂಖ್ಯೆ, ನೋಟದ ದೂರ, ರೇ ಟ್ರೇಸಿಂಗ್ ಇವುಗಳನ್ನು ಇಳಿಸಿದರೆ ಪ್ರೊಸೆಸರ್‌ನ ಹೊರೆಯೂ ಇಳಿದುಬಿಡುತ್ತದೆ, ಹೋಲಿಕೆ ಕೆಡುತ್ತದೆ. ವಿ-ಸಿಂಕ್, ಎಫ್‌ಪಿಎಸ್ ಮಿತಿ, ಫ್ರೇಮ್ ಜನರೇಷನ್ ಮೂರೂ ಆಫ್ ಇರಲಿ.

720ಪಿಯಲ್ಲಿ ಎಫ್‌ಪಿಎಸ್ ಬಹಳಷ್ಟು ಏರಿದರೆ ನಿಮಗೆ ಅಡ್ಡಿಯಾಗಿರುವುದು ಗ್ರಾಫಿಕ್ಸ್ ಕಾರ್ಡ್. ಕ್ಯಾಶ್ ಆಗಲಿ ಕೋರ್ ಆಗಲಿ ಆ ಆಟಕ್ಕೆ ಬೇಡ, ದುಡ್ಡನ್ನು ಕಾರ್ಡಿಗೆ ಇಡಿ. ಅಂಕಿ ಇದ್ದಲ್ಲೇ ಇದ್ದರೆ ಅಡ್ಡಿ ಪ್ರೊಸೆಸರ್‌ದು, ಮುಂದಿನ ಹಂತಕ್ಕೆ ಹೋಗಿ.

ಇಲ್ಲಿ ಬಹಳ ಜನ ಎಡವುವುದು ಟಾಸ್ಕ್ ಮ್ಯಾನೇಜರ್ ನೋಡಿ. "ಪ್ರೊಸೆಸರ್ ಶೇ. 30 ಮಾತ್ರ ಬಳಕೆಯಾಗುತ್ತಿದೆ, ಹಾಗಾಗಿ ಅದು ಸಾಕಷ್ಟಿದೆ" ಎಂದು ಬರೆಯುತ್ತಾರೆ. 16 ಥ್ರೆಡ್‌ನ ಪ್ರೊಸೆಸರ್‌ನಲ್ಲಿ ಒಂದು ಥ್ರೆಡ್ ಪೂರ್ತಿ ತುಂಬಿದರೂ ಒಟ್ಟು ಲೆಕ್ಕದಲ್ಲಿ ಕಾಣುವುದು ಶೇ. 6ರಷ್ಟು. ಅದಲ್ಲದೆ, ರ್‍ಯಾಮ್‌ಗಾಗಿ ಸುಮ್ಮನೆ ಕಾಯುತ್ತಿರುವ ಕೋರ್ ಕೂಡ ವಿಂಡೋಸ್‌ಗೆ ಕೆಲಸ ಮಾಡುತ್ತಿರುವಂತೆಯೇ ಕಾಣುತ್ತದೆ. ಆ ಅಂಕಿ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಗ್ರಾಫಿಕ್ಸ್ ಕಾರ್ಡಿನ ಬಳಕೆ ಮಾತ್ರ ಒಂದು ಸುಳಿವು: ಅದು ಶೇ. 95ರ ಮೇಲೆಯೇ ನಿಂತಿದ್ದರೆ ಅಡ್ಡಿ ಕಾರ್ಡಿನದು.

ಹಂತ 2: ಕೋರ್ ಕಡಿಮೆ ಮಾಡಿ ನೋಡಿ

ಹೆಚ್ಚು ಕೋರ್ ಕೊಂಡು ನೋಡಲಾಗದು, ಆದರೆ ಇರುವುದನ್ನು ಕಡಿಮೆ ಮಾಡಿ ನೋಡಬಹುದು. ನಿಮ್ಮಲ್ಲಿ ಎಂಟು ಕೋರ್ ಇದ್ದು, ಆರಕ್ಕೆ ಇಳಿಸಿದರೂ ಎಫ್‌ಪಿಎಸ್ ಇಳಿಯದಿದ್ದರೆ, ಹನ್ನೆರಡಕ್ಕೆ ಏರಿಸಿದರೂ ಏರುವುದಿಲ್ಲ.

ಆಟ ನೇರವಾಗಿ ಒಂದು ಫೈಲಿನಿಂದ ತೆರೆಯುವಂಥದ್ದಾದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಹೀಗೆ ಬರೆಯಿರಿ (ಫೈಲಿನ ದಾರಿ ನಿಮ್ಮದು ಹಾಕಿಕೊಳ್ಳಿ):

```
start "" /affinity FFF "D:\Games\Factorio\bin\x64\factorio.exe"
```

`FFF` ಎಂದರೆ ಮೊದಲ 12 ಥ್ರೆಡ್, ಅಂದರೆ ಆರು ಕೋರ್. `FF` ಎಂದು ಹಾಕಿದರೆ ಎಂಟು ಥ್ರೆಡ್, ನಾಲ್ಕು ಕೋರ್. ಇದು ಪ್ರತಿ ಕೋರ್‌ಗೂ ಎರಡು ಥ್ರೆಡ್ ಇರುವ ರೈಜನ್‌ನ ಲೆಕ್ಕ. ದೊಡ್ಡ ಕೋರ್, ಚಿಕ್ಕ ಕೋರ್ ಎಂದು ಎರಡು ಬಗೆ ಇರುವ ಇಂಟೆಲ್ ಪ್ರೊಸೆಸರ್‌ನಲ್ಲಿ ಈ ಎಣಿಕೆ ಬೇರೆ. ಅಲ್ಲಿ ಬಯೋಸ್‌ನಲ್ಲಿ ಚಿಕ್ಕ ಕೋರ್‌ಗಳನ್ನು ಕೆಲವು ಆಫ್ ಮಾಡಿ ನೋಡುವುದು ಒಳ್ಳೆಯದು.

ಸ್ಟೀಮ್‌ನಿಂದ ತೆರೆಯುವ ಆಟವಾದರೆ ಆಟ ಓಡುತ್ತಿರುವಾಗಲೇ ಟಾಸ್ಕ್ ಮ್ಯಾನೇಜರ್‌ನ Details ಪಟ್ಟಿಯಲ್ಲಿ ಅದರ ಮೇಲೆ ಬಲ ಕ್ಲಿಕ್ ಮಾಡಿ Set affinity ಆರಿಸಿ. ಆನ್‌ಲೈನ್ ಆಟಗಳ ಮೋಸತಡೆ ತಂತ್ರಾಂಶ ಇದಕ್ಕೆ ಬಿಡದಿದ್ದರೆ ಜಗಳಕ್ಕೆ ಹೋಗಬೇಡಿ, `msconfig` ತೆರೆದು Boot, Advanced options, Number of processors ಎಂಬಲ್ಲಿ 12 ಹಾಕಿ ರೀಸ್ಟಾರ್ಟ್ ಮಾಡಿ. ಪರೀಕ್ಷೆ ಮುಗಿದ ಮೇಲೆ ಆ ಟಿಕ್ ತೆಗೆಯಲು ಮರೆಯಬೇಡಿ. ತೆಗೆಯದೆ ಬಿಟ್ಟರೆ ನಾಳೆ ಹೊಸ ಪ್ರೊಸೆಸರ್ ಹಾಕಿದಾಗಲೂ ವಿಂಡೋಸ್ ಆರೇ ಕೋರ್ ಬಳಸುತ್ತದೆ, ಕಾರಣ ತಿಳಿಯದೆ ಪೆಟ್ಟಿಗೆ ಹಿಂದೆ ಕಳಿಸುವಂತಾಗುತ್ತದೆ.

ಹಂತ 3: ರ್‍ಯಾಮ್ ನಿಧಾನ ಮಾಡಿ ನೋಡಿ

ಮೂರರಲ್ಲಿ ಇದೇ ಮುಖ್ಯ, ಮತ್ತು ಇದನ್ನೇ ಯಾರೂ ಮಾಡುವುದಿಲ್ಲ. ಕ್ಯಾಶ್ ದೊಡ್ಡದಾದರೆ ರ್‍ಯಾಮ್‌ಗೆ ಹೋಗುವ ಸರದಿ ಕಡಿಮೆಯಾಗುತ್ತದೆ. ಹಾಗಿದ್ದರೆ ರ್‍ಯಾಮ್ ನಿಧಾನವಾದಾಗ ಹೆಚ್ಚು ನೋಯುವ ಆಟವೇ ದೊಡ್ಡ ಕ್ಯಾಶ್‌ನಿಂದ ಹೆಚ್ಚು ಗೆಲ್ಲುವ ಆಟ.

ಬಯೋಸ್ ತೆರೆದು EXPO (ಕೆಲವು ಬೋರ್ಡ್‌ಗಳಲ್ಲಿ, ಇಂಟೆಲ್‌ನಲ್ಲಿ XMP) ಆಫ್ ಮಾಡಿ. ಇದು ರ್‍ಯಾಮ್ ತನ್ನ ಪೆಟ್ಟಿಗೆ ಮೇಲೆ ಬರೆದ ವೇಗದಲ್ಲಿ ಓಡಲು ಬೇಕಾದ ಸಿದ್ಧ ಸೆಟ್ಟಿಂಗ್. ಆಫ್ ಮಾಡಿದರೆ 6000ದ ಡಿಡಿಆರ್5 ರ್‍ಯಾಮ್ ಹೆಚ್ಚಾಗಿ 4800ಕ್ಕೆ ಇಳಿಯುತ್ತದೆ. ಎಎಂ5 ಬೋರ್ಡ್‌ನಲ್ಲಿ ಈ ಬದಲಾವಣೆಯ ನಂತರ ಪರದೆ ಕಪ್ಪಾಗಿಯೇ ಕೆಲವು ನಿಮಿಷ ನಿಲ್ಲಬಹುದು. ರ್‍ಯಾಮ್‌ನ ಸಮಯವನ್ನು ಅದು ಹೊಸದಾಗಿ ಹೊಂದಿಸಿಕೊಳ್ಳುತ್ತಿರುತ್ತದೆ. ಹಾಳಾಯಿತೆಂದು ಪವರ್ ಒತ್ತಿ ಆರಿಸಬೇಡಿ, ಕಾಯಿರಿ.

720ಪಿಯಲ್ಲೇ ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ಶೇ. 2 ಅಥವಾ 3 ಮಾತ್ರ ಇಳಿದರೆ ಆ ಆಟಕ್ಕೆ ಕ್ಯಾಶ್ ಸಾಕಷ್ಟಿದೆ. ಶೇ. 10 ಅಥವಾ ಹೆಚ್ಚು ಇಳಿದರೆ, ವಿಶೇಷವಾಗಿ 1% ಅಂಕಿ ಬಿದ್ದರೆ, X3D ನಿಮಗೆ ಕೆಲಸ ಮಾಡುತ್ತದೆ ಎನ್ನಲು ಗಟ್ಟಿ ಕಾರಣ ಸಿಕ್ಕಿತು. ಎಷ್ಟು ಶೇಕಡ ಗೆಲ್ಲುತ್ತೀರಿ ಎಂಬುದನ್ನು ಮಾತ್ರ ಈ ಪರೀಕ್ಷೆ ಹೇಳದು. EXPO ಆಫ್ ಆದಾಗ ತಡವೂ ಹೆಚ್ಚುತ್ತದೆ, ಒಂದೇ ಹೊತ್ತಿಗೆ ಸಾಗಿಸುವ ಮಾಹಿತಿಯ ಪ್ರಮಾಣವೂ ತಗ್ಗುತ್ತದೆ, ಎರಡನ್ನೂ ಬಿಡಿಸಲಾಗದು. ದಿಕ್ಕು ತಿಳಿಯುತ್ತದೆ, ಅಷ್ಟು ಸಾಕು.

ಅಳೆದ ಮೇಲೆ EXPO ಮರಳಿ ಆನ್ ಮಾಡಿ. ನಾವು ನೋಡಿದ ಎಷ್ಟೋ ಪಿಸಿಗಳಲ್ಲಿ ಅದು ಮೊದಲಿನಿಂದಲೇ ಆಫ್ ಇರುತ್ತದೆ. ಜೋಡಿಸಿದವರು ಆನ್ ಮಾಡಿರುವುದೇ ಇಲ್ಲ. ನಿಮ್ಮದೂ ಹಾಗಿದ್ದರೆ ಒಂದು ಪೈಸೆ ಖರ್ಚಿಲ್ಲದೆ ಸ್ವಲ್ಪ ವೇಗ ಸಿಕ್ಕಿತೆಂದುಕೊಳ್ಳಿ.

ಯಾವ ಕೆಲಸಕ್ಕೆ ಕ್ಯಾಶ್, ಯಾವುದಕ್ಕೆ ಕೋರ್

ಪರೀಕ್ಷೆ ಮಾಡಲು ಆಗದ ಆಟಗಳಿಗೆ ಒಂದು ಅಂದಾಜು ಬೇಕಲ್ಲ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್, ಅಸೆಟ್ಟೊ ಕೋರ್ಸಾ ಕಾಂಪಿಟಿಜಿಯೋನೆ, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್, ಕೌಂಟರ್-ಸ್ಟ್ರೈಕ್ 2, ಬಾಲ್ಡರ್ಸ್ ಗೇಟ್ 3ರ ಮೂರನೇ ಅಂಕದ ಪಟ್ಟಣ, ಸ್ಟೆಲ್ಲಾರಿಸ್, ಇವೆಲ್ಲ ದೊಡ್ಡ ಕ್ಯಾಶ್‌ನಿಂದ ಚೆನ್ನಾಗಿ ಗೆಲ್ಲುವವು. ಸಾವಿರಾರು ಚಿಕ್ಕ ವಸ್ತುಗಳ ಸ್ಥಿತಿಯನ್ನು ಒಂದೇ ಎಳೆಯಲ್ಲಿ ಲೆಕ್ಕ ಹಾಕುವ ಗುಣ ಇವುಗಳಲ್ಲಿ ಹಲವಕ್ಕೆ ಇದೆ.

ಇಂಥ ಆಟಗಳಲ್ಲಿ, ಕಾರ್ಖಾನೆ ಕಟ್ಟುವ ಫ್ಯಾಕ್ಟೋರಿಯೊ ಕಲಿಯಲು ಬಹಳ ಒಳ್ಳೆಯ ಉದಾಹರಣೆ, ಏಕೆಂದರೆ ಗ್ರಾಫಿಕ್ಸ್ ಕಾರ್ಡನ್ನು ಪೂರ್ತಿ ಬದಿಗಿಟ್ಟು ಅಳೆಯಬಹುದು. ಅಂಗಡಿಯ ಇನ್‌ಸ್ಟಾಲರ್ ಇಲ್ಲದ ಜಿಪ್ ಆವೃತ್ತಿಯಲ್ಲಿ ಹೀಗೆ ಓಡಿಸಿ:

```
factorio.exe --benchmark "save.zip" --benchmark-ticks 1000 --disable-audio
```

ಸಾವಿರ ಹೆಜ್ಜೆಗೆ ಎಷ್ಟು ಮಿಲಿಸೆಕೆಂಡ್ ಹಿಡಿಯಿತೆಂದು ಕೊನೆಗೆ ತೋರಿಸುತ್ತದೆ. ಆಟ ಸೆಕೆಂಡಿಗೆ 60 ಹೆಜ್ಜೆ ನಡೆಯಬೇಕು, ಅಂದರೆ ಒಂದು ಹೆಜ್ಜೆಗೆ 16.67 ಮಿಲಿಸೆಕೆಂಡ್, ಸಾವಿರಕ್ಕೆ 16,670 ದಾಟಿದರೆ ನಿಮ್ಮ ಕಾರ್ಖಾನೆ ನಿಧಾನವಾಗಿದೆ. ನಡುತರ ಗಾತ್ರದ ಕಾರ್ಖಾನೆಯ ಮಾಹಿತಿ 96 ಎಂಬಿಯೊಳಗೆ ಬಹುಪಾಲು ನಿಲ್ಲುವುದರಿಂದ X3D ಅಲ್ಲಿ ಬೇರೆಲ್ಲವನ್ನೂ ದೂರ ಹಿಂದಿಕ್ಕುತ್ತದೆ. ಅದೇ ಆಟದಲ್ಲಿ ಕಾರ್ಖಾನೆ ಬೆಳೆದು ಬೆಳೆದು ಕ್ಯಾಶ್ ಮೀರಿದ ಮೇಲೆ ಅಂತರ ಕುಗ್ಗುತ್ತದೆ. ಚಿಕ್ಕ ಸೇವ್ ಓಡಿಸಿ ಬಂದ ಅಂಕಿ ನೋಡಿ ದೊಡ್ಡ ಕಾರ್ಖಾನೆಯವರು ಆಸೆಪಟ್ಟರೆ ನಿರಾಶೆಯಾಗುವುದು ಇದರಿಂದಲೇ. ನಿಮ್ಮದೇ ಸೇವ್ ಓಡಿಸಿ.

ಆಟ ಬಿಟ್ಟು ಹೊರಗೆ ಬಂದರೆ ಚಿತ್ರ ಬೇರೆ. ನಮ್ಮ ಕಡೆ ಪಿಸಿ ಕೊಳ್ಳುವವರಲ್ಲಿ ಮದುವೆ ವಿಡಿಯೋ, ರಾತ್ರಿಯಿಡೀ ನಡೆಯುವ ಯಕ್ಷಗಾನದ ರೆಕಾರ್ಡಿಂಗ್ ಎಡಿಟ್ ಮಾಡುವವರು ಬಹಳ, ಹಾಗಾಗಿ ಇದನ್ನು ಬಿಡಿಸಿ ಹೇಳಬೇಕು. 4ಕೆ ವಿಡಿಯೋದ ಒಂದು ಫ್ರೇಮ್ ಬಿಡಿಸಿದಾಗ 3840 × 2160 × 1.5 ಬೈಟ್, ಅಂದರೆ ಸುಮಾರು 12.4 ಎಂಬಿ. 96 ಎಂಬಿಯಲ್ಲಿ ಹಿಡಿಯುವುದು ಏಳೆಂಟು ಫ್ರೇಮ್. ಆದರೆ ಎನ್‌ಕೋಡರ್ ಚಿತ್ರವನ್ನು ಚಿಕ್ಕ ಚೌಕಗಳಾಗಿ ಕತ್ತರಿಸಿ ಸಾಲಾಗಿ ಸಾಗುತ್ತದೆ. ಮುಂದೆ ಯಾವ ಮಾಹಿತಿ ಬೇಕೆಂಬುದು ಮೊದಲೇ ಗೊತ್ತಿರುವುದರಿಂದ ಪ್ರೊಸೆಸರ್ ಅದನ್ನು ಮುಂಚಿತವಾಗಿ ತರಿಸಿಕೊಳ್ಳುತ್ತದೆ. ಕಾಯುವಿಕೆಯೇ ಇಲ್ಲದಲ್ಲಿ ಕ್ಯಾಶ್ ಉಳಿಸುವುದು ಏನನ್ನೂ ಇಲ್ಲ. ಕೋರ್ ಹೆಚ್ಚಿದಂತೆ ಕೆಲಸ ಬೇಗ ಮುಗಿಯುತ್ತದೆ. ಬ್ಲೆಂಡರ್‌ನಲ್ಲಿ ಪ್ರೊಸೆಸರ್‌ನಿಂದ ರೆಂಡರ್ ಮಾಡುವುದೂ, ದೊಡ್ಡ ಪ್ರೋಗ್ರಾಂ ಕಂಪೈಲ್ ಮಾಡುವುದೂ ಹೀಗೆಯೇ, ಕೋರ್‌ನ ಕೆಲಸ.

ಮನೆಯಲ್ಲೇ ಭಾಷಾ ಮಾದರಿ ಓಡಿಸಲು X3D ಕೊಳ್ಳಲು ಹೊರಟವರಿಗೆ ಒಂದು ಮಾತು: ಚಿಕ್ಕ ಮಾದರಿಯೂ ಹಲವು ಗಿಗಾಬೈಟ್ ಇರುತ್ತದೆ, ಪ್ರತಿ ಪದಕ್ಕೂ ಅದನ್ನೆಲ್ಲ ಓದಬೇಕು. ಅಲ್ಲಿ 96 ಎಂಬಿ ಲೆಕ್ಕಕ್ಕೇ ಬರುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಳಸುವ ಓಪನ್‌ಫೋಮ್‌ನಂಥ ದ್ರವಚಲನೆಯ ಲೆಕ್ಕಗಳು ಕ್ಯಾಶ್‌ನಿಂದ ಬಹಳ ಗೆಲ್ಲುತ್ತವೆ. ಎಎಂಡಿ 2022ರಲ್ಲಿ 768 ಎಂಬಿ ಎಲ್3 ಇರುವ ಎಪಿಕ್ 7773X ಸರ್ವರ್ ಪ್ರೊಸೆಸರ್ ತಂದದ್ದೇ ಇಂಥವರಿಗಾಗಿ.

ಹಂತ 4: ಅಂಕಿ ಇಟ್ಟುಕೊಂಡು ತೀರ್ಮಾನಿಸುವುದು

ಬದಿಯಡ್ಕದಲ್ಲಿ ವಿಡಿಯೋ ಸ್ಟುಡಿಯೋ ಇಟ್ಟುಕೊಂಡು ರಾತ್ರಿ ಆಟ ಆಡುವವರೊಬ್ಬರನ್ನು ಕಲ್ಪಿಸಿಕೊಳ್ಳೋಣ. ರೈಜನ್ 5 7600 (ಆರು ಕೋರ್, 32 ಎಂಬಿ), ಬಿ650 ಬೋರ್ಡ್, 6000ದ 32 ಜಿಬಿ ರ್‍ಯಾಮ್, ಆರ್‌ಟಿಎಕ್ಸ್ 4070, 1440ಪಿ ಮಾನಿಟರ್. ಕೆಳಗಿನ ಅಂಕಿಗಳು ಓದುವ ಕ್ರಮ ತೋರಿಸಲು ಇಟ್ಟ ಮಾದರಿ.

ಸೈಬರ್‌ಪಂಕ್ 2077, ರೇ ಟ್ರೇಸಿಂಗ್ ಸಹಿತ: 1440ಪಿಯಲ್ಲಿ 62, 720ಪಿಯಲ್ಲಿ 110. ಅಡ್ಡಿ ಕಾರ್ಡಿನದು. ಪ್ರೊಸೆಸರ್ ಯಾವುದು ಹಾಕಿದರೂ 62 ಅಲ್ಲಿಯೇ ಇರುತ್ತದೆ. ಈ ಆಟವನ್ನು ಪಟ್ಟಿಯಿಂದ ತೆಗೆಯಿರಿ.

ಬಾಲ್ಡರ್ಸ್ ಗೇಟ್ 3ರ ಪಟ್ಟಣ: 1440ಪಿಯಲ್ಲಿ 78, 720ಪಿಯಲ್ಲಿ 80. ಅಡ್ಡಿ ಪ್ರೊಸೆಸರ್‌ದು. ನಾಲ್ಕು ಕೋರ್‌ಗೆ ಇಳಿಸಿದರೆ 72. ಮೂರರಲ್ಲಿ ಒಂದು ಪಾಲು ಕೋರ್ ಕಿತ್ತರೂ ಹೋದದ್ದು ಶೇ. 10 ಮಾತ್ರ. ನಾಲ್ಕರಿಂದ ಆರಕ್ಕೆ ಸಿಕ್ಕಿದ್ದೇ ಇಷ್ಟಾದರೆ ಆರರಿಂದ ಹನ್ನೆರಡಕ್ಕೆ ಸಿಗುವುದು ಇನ್ನೂ ಕಡಿಮೆ. ಆರು ಕೋರ್ ಇಟ್ಟುಕೊಂಡು EXPO ಆಫ್ ಮಾಡಿದಾಗ 80 ಹೋಗಿ 70, 1% ಅಂಕಿ 54 ಇದ್ದದ್ದು 45. ಕಾಯುತ್ತಿರುವುದು ರ್‍ಯಾಮ್‌ಗೆ. ಈ ಅಂಕಿ ಇರುವವರು ಅದೇ ಬೋರ್ಡ್‌ಗೆ 7800X3D ಅಥವಾ 9800X3D ಹಾಕಬೇಕು, ಹನ್ನೆರಡು ಕೋರ್‌ನ 9900X ಅಲ್ಲ.

ಇನ್ನು ಯಕ್ಷಗಾನದ ಕೆಲಸ. ಇವರು ಯೂಟ್ಯೂಬ್‌ಗೆ ಹಾಕುವುದು ಗ್ರಾಫಿಕ್ಸ್ ಕಾರ್ಡಿನಲ್ಲೇ ಇರುವ NVENC ಎಂಬ ಎನ್‌ಕೋಡರ್‌ನಿಂದಾದರೆ ಕೋರ್‌ಗಳ ಮೇಲೆ ಆ ಹೊರೆಯೇ ಬೀಳುವುದಿಲ್ಲ, ಎಂಟು ಸಾಕು. ಫೈಲ್ ಚಿಕ್ಕದಾಗಿಯೂ ಚೊಕ್ಕವಾಗಿಯೂ ಬರಲೆಂದು x265 ನಲ್ಲಿ ಪ್ರೊಸೆಸರ್‌ನಿಂದಲೇ ಎನ್‌ಕೋಡ್ ಮಾಡುತ್ತಿದ್ದು, ಹಗಲಿನ ಗಂಟೆಗಳು ಅದಕ್ಕೇ ಹೋಗುತ್ತಿದ್ದರೆ ಮಾತ್ರ ಹದಿನಾರು ಕೋರ್‌ಗೆ ಅರ್ಥವಿದೆ. ಹೊಟ್ಟೆಪಾಡಿನ ಕೆಲಸ ಅದಾದರೆ ಆಟಕ್ಕಿಂತ ಅದನ್ನೇ ಮೊದಲು ನೋಡಿ 9950X ತೆಗೆದುಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಎರಡೂ ಬೇಕು, ದುಡ್ಡೂ ಇದೆ ಎಂದರೆ 9950X3D.

ಪೆಟ್ಟಿಗೆಯ ಮೇಲಿನ ಅಂಕಿಯಲ್ಲಿ ಮೋಸ ಹೋಗುವ ಬಗೆ

9900X ಮತ್ತು 9950X ಗಳ ವಿವರಪಟ್ಟಿಯಲ್ಲಿ 64 ಎಂಬಿ ಎಲ್3 ಎಂದಿರುತ್ತದೆ, ಟಾಸ್ಕ್ ಮ್ಯಾನೇಜರ್ ಕೂಡ 64 ಎಂದೇ ತೋರಿಸುತ್ತದೆ. ಅದು 9700X ನ 32ರ ದುಪ್ಪಟ್ಟಲ್ಲವೇ ಎಂದು ಕೇಳುತ್ತಾರೆ. ಅಲ್ಲ. ಈ ಪ್ರೊಸೆಸರ್‌ಗಳೊಳಗೆ ಎರಡು ಸಿಸಿಡಿಗಳಿವೆ. ಸಿಸಿಡಿ ಎಂದರೆ ಗರಿಷ್ಠ ಎಂಟು ಕೋರ್ ಇರುವ ಒಂದು ಸಿಲಿಕಾನ್ ತುಂಡು. ಒಂದೊಂದಕ್ಕೂ ತನ್ನದೇ 32 ಎಂಬಿ. ಒಂದು ಕೋರ್ ತನ್ನ ತುಂಡಿನ ಕ್ಯಾಶ್‌ನಲ್ಲಿ ಮಾತ್ರ ಮಾಹಿತಿ ಇಡಬಲ್ಲದು. ಆಟದ ಮುಖ್ಯ ಎಳೆಗೆ ಸಿಗುವುದು 32 ಮಾತ್ರ. ಹಳೆಯ ರೈಜನ್ 5 3600ರಲ್ಲೂ ಹೀಗೆಯೇ: ಬರೆದದ್ದು 32, ಒಂದು ಕೋರ್‌ಗೆ ಸಿಗುವುದು 16. ಎಂಟು ಕೋರ್ ಇದೆಯೆಂದು ಕೊಳ್ಳುವ 8700G ಯಲ್ಲಿ ಒಟ್ಟು ಇರುವುದೇ 16. ಜಾಹೀರಾತಿನಲ್ಲಿ ಎಲ್2 ಮತ್ತು ಎಲ್3 ಕೂಡಿಸಿ 104 ಎಂಬಿ, 144 ಎಂಬಿ ಎಂದೂ ಬರೆಯುತ್ತಾರೆ. ಎಲ್3 ಬೇರೆಯಾಗಿ, ಅದೂ ಒಂದು ಸಿಸಿಡಿಗೆ ಎಷ್ಟು ಎಂದು ಕೇಳಿ.

7950X3D ಮತ್ತು 9950X3D ಯಲ್ಲಿ ಈ ತೊಡಕು ಇನ್ನೊಂದು ರೂಪದಲ್ಲಿ ಬರುತ್ತದೆ. ಒಟ್ಟು 128 ಎಂಬಿಯಲ್ಲಿ ಒಂದು ತುಂಡಿಗೆ 96, ಇನ್ನೊಂದಕ್ಕೆ 32. ಆಟ ತಪ್ಪು ತುಂಡಿನಲ್ಲಿ ಓಡಿದರೆ ನೀವು ಕೊಟ್ಟ ಹೆಚ್ಚಿನ ದುಡ್ಡೆಲ್ಲ ವ್ಯರ್ಥ. ಸರಿಯಾದ ಕಡೆ ಕೂರಿಸಲು ಎಎಂಡಿಯ ಚಿಪ್‌ಸೆಟ್ ಡ್ರೈವರ್, ವಿಂಡೋಸ್‌ನ ಗೇಮ್ ಮೋಡ್ ಮತ್ತು ಎಕ್ಸ್‌ಬಾಕ್ಸ್ ಗೇಮ್ ಬಾರ್ ಮೂರೂ ಬೇಕು. ಗೇಮ್ ಬಾರ್ ಕಸವೆಂದು ತೆಗೆದುಹಾಕುವವರು ಇಲ್ಲೇ ಸಿಕ್ಕಿಬೀಳುತ್ತಾರೆ. ಪರೀಕ್ಷಿಸಲು ಆಟ ಓಡುತ್ತಿರುವಾಗ `resmon` ತೆರೆದು CPU ಪುಟ ನೋಡಿ: ಚಿಕ್ಕ ಕ್ಯಾಶ್‌ನ ಅರ್ಧ ಕೋರ್‌ಗಳ ಪಕ್ಕದಲ್ಲಿ Parked ಎಂದಿರಬೇಕು. ಇಲ್ಲದಿದ್ದರೆ ಗೇಮ್ ಬಾರ್ ತೆರೆದು ಅದರ ಸೆಟ್ಟಿಂಗ್‌ನಲ್ಲಿ ಇದು ಆಟವೆಂದು ಗುರುತು ಹಾಕಿ, ಚಿಪ್‌ಸೆಟ್ ಡ್ರೈವರ್ ಕಿತ್ತು ಹೊಸದಾಗಿ ಹಾಕಿ. ಒಂದು ತುಂಡಿನ ಪ್ರೊಸೆಸರ್‌ನಿಂದ ಎರಡು ತುಂಡಿನದಕ್ಕೆ ಬಂದವರಿಗೆ ಕೆಲವೊಮ್ಮೆ ವಿಂಡೋಸನ್ನೇ ಹೊಸದಾಗಿ ಹಾಕಬೇಕಾಗುತ್ತದೆ.

ಹನ್ನೆರಡು ಕೋರ್‌ನ 7900X3D, 9900X3D ಗಳನ್ನು ಆಟಕ್ಕೆಂದು ಕೊಳ್ಳಬೇಡಿ. ಅವು ಆರು ಮತ್ತು ಆರಾಗಿ ಒಡೆದಿವೆ, ದೊಡ್ಡ ಕ್ಯಾಶ್ ಸಿಗುವುದು ಆರು ಕೋರ್‌ಗೆ ಮಾತ್ರ. ಅಗ್ಗದ 7800X3D ಯಲ್ಲಿ ಎಂಟಕ್ಕೂ ಸಿಗುತ್ತದೆ.

ಹಂತ 5: ಹಾಕುವುದು, ಮತ್ತೆ ಅಳೆಯುವುದು

ಹಳೆಯ ಬೋರ್ಡ್‌ಗೆ ಹೊಸ ಪ್ರೊಸೆಸರ್ ಹಾಕುವ ಮೊದಲು, ಹಳೆಯದು ಕೂತಿರುವಾಗಲೇ, ಬಯೋಸ್ ಹೊಸದಕ್ಕೆ ಏರಿಸಿ. 9800X3D ಗುರುತಿಸದ ಬಯೋಸ್ ಇದ್ದರೆ ಪರದೆ ಬರುವುದೇ ಇಲ್ಲ. 2023ರಲ್ಲಿ ಕೆಲವು 7000 ಸರಣಿಯ X3D ಪ್ರೊಸೆಸರ್‌ಗಳು ಸುಟ್ಟ ಮೇಲೆ ಎಎಂಡಿ ಎಸ್‌ಒಸಿ ವೋಲ್ಟೇಜನ್ನು 1.3ಕ್ಕೆ ಮಿತಿಗೊಳಿಸಿತು, ಆ ಮಿತಿ ಬರುವುದೂ ಬಯೋಸ್ ಅಪ್‌ಡೇಟ್‌ನಲ್ಲೇ. ಸೆಕೆಂಡ್ ಹ್ಯಾಂಡ್ ಬೋರ್ಡ್ ಕೊಂಡವರು ಇದನ್ನು ಖಂಡಿತ ನೋಡಿಕೊಳ್ಳಿ. ತುಲಾಮಾಸದ ಸಂಜೆ ಗುಡುಗು-ಮಿಂಚಿನ ಹೊತ್ತಿನಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ಬಯೋಸ್ ಬರೆಯುವಾಗ ನಡುವೆ ಕರೆಂಟು ಹೋದರೆ ಬೋರ್ಡ್ ಸತ್ತಂತೆಯೇ. ಬೆಳಿಗ್ಗೆ ಮಾಡಿ, ಯುಪಿಎಸ್ ಮೇಲೆ ಮಾಡಿ.

ಯುಪಿಎಸ್ ವಿಷಯ ಬಂತಾದ್ದರಿಂದ: ಮನೆಗಳಲ್ಲಿರುವ 600 ವಿಎ ಯುಪಿಎಸ್ ಕೊಡುವುದು ಸಾಮಾನ್ಯವಾಗಿ 360 ವ್ಯಾಟ್. ಆರ್‌ಟಿಎಕ್ಸ್ 4070ಕ್ಕೆ 200 ವ್ಯಾಟ್ ಹೋದ ಮೇಲೆ ಉಳಿದದ್ದರಲ್ಲಿ ಆಟದ ವೇಳೆ 7800X3D ನೆಮ್ಮದಿಯಾಗಿ ಓಡುತ್ತದೆ, ಏಕೆಂದರೆ ಆಟದಲ್ಲಿ ಅದು ನೂರು ವ್ಯಾಟ್ ದಾಟುವುದಿಲ್ಲ. 9950X ಪೂರ್ತಿ ಹೊರೆಯಲ್ಲಿ ಒಂದೇ 200 ವ್ಯಾಟ್ ಎಳೆಯುತ್ತದೆ. ಎನ್‌ಕೋಡ್ ನಡೆಯುತ್ತಿರುವಾಗ ಕಾರ್ಡೂ ದುಡಿಯುತ್ತಿದ್ದರೆ ಕರೆಂಟು ಹೋದ ಕ್ಷಣವೇ ಯುಪಿಎಸ್ ಕೈಬಿಡುತ್ತದೆ. ಹದಿನಾರು ಕೋರ್ ಕೊಳ್ಳುವವರು 1000 ವಿಎ ಮೇಲಿನದನ್ನೂ ಲೆಕ್ಕಕ್ಕೆ ಸೇರಿಸಿ.

7800X3D ಯಲ್ಲಿ ಕ್ಯಾಶ್ ಪದರ ಕೋರ್‌ಗಳ ಮೇಲೆ ಕೂತಿರುವುದರಿಂದ ಬಿಸಿ ಹೊರಬರುವುದು ನಿಧಾನ, ಅದಕ್ಕೇ ಅದರ ಮಿತಿ 89 ಡಿಗ್ರಿ. 9800X3D ಯಲ್ಲಿ ಪದರವನ್ನು ಕೆಳಗೆ ಹಾಕಿದ್ದಾರೆ. ನಮ್ಮ ಏಪ್ರಿಲ್-ಮೇ ಸೆಕೆಗೆ ಎರಡಕ್ಕೂ ಒಂದು ಒಳ್ಳೆಯ ಒಂಟಿ ಗೋಪುರದ ಏರ್ ಕೂಲರ್ ಸಾಕು, ನೀರಿನದು ಬೇಡ.

ಹಾಕಿದ ಮೇಲೆ EXPO ಆನ್ ಇದೆಯೇ, `msconfig` ಮಿತಿ ತೆಗೆದಿದೆಯೇ, ಟಾಸ್ಕ್ ಮ್ಯಾನೇಜರ್‌ನಲ್ಲಿ L3 cache ಎದುರು 96.0 MB ಎಂದಿದೆಯೇ ನೋಡಿ. ಆಮೇಲೆ ಅದೇ ಸೇವ್, ಅದೇ ದಾರಿ, ಅದೇ 720ಪಿ. ಸರಾಸರಿಗಿಂತ 1% ಅಂಕಿಯನ್ನು ಮೊದಲು ನೋಡಿ, ಲಾಭ ಅಲ್ಲೇ ಹೆಚ್ಚು ಕಾಣುತ್ತದೆ. 720ಪಿಯಲ್ಲಿ ಏರಿಕೆ ಇದ್ದು 1440ಪಿಯಲ್ಲಿ ಇಲ್ಲದಿದ್ದರೆ ಪ್ರೊಸೆಸರ್ ಸರಿಯಾಗಿಯೇ ಇದೆ, ಈಗ ಅಡ್ಡಿ ಕಾರ್ಡಿಗೆ ಸರಿದಿದೆ. ಎರಡರಲ್ಲೂ ಇಲ್ಲದಿದ್ದರೆ ಎಲ್ಲೋ ಎಫ್‌ಪಿಎಸ್ ಮಿತಿ ಉಳಿದುಕೊಂಡಿರುತ್ತದೆ. ಆಟದೊಳಗೆ, ಗ್ರಾಫಿಕ್ಸ್ ಡ್ರೈವರ್‌ನಲ್ಲಿ, ಎರಡು ಕಡೆಯೂ ಹುಡುಕಿ.